ಆಚಾರ್ರಿಗೆ: ಬಲ ಭುಜದ ಎಂಆರ್‌ಐ ರಿಪೋರ್ಟಿನಲ್ಲಿ ಏನಿದೆ

ನಮಸ್ಕಾರ ಆಚಾರ್ರೇ,

ಓಪಿಡಿ ಗಲಾಟೆಯಲ್ಲಿ ಕೇಳಿಸಿಕೊಂಡದ್ದು ಶ್ರೀನಿವಾಸಪುರದ ಬಸ್ಸು ಹತ್ತುವಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಮನೆಯವರೂ ಓದಲಿ. "ನರ ಹರಿದಿದೆಯಂತೆ, ಇನ್ನು ಉಳಿ ಹಿಡಿಯೋ ಹಾಗಿಲ್ವಾ?" ಅಂತ ಕಣ್ಣೀರು ಹಾಕಿಕೊಂಡು ಕೇಳಿದವರು ಅವರೇ.

ಮೊದಲಿಗೆ, ಅದು ನರ ಅಲ್ಲ. ಭುಜದ ಗುಂಡನ್ನು ನಾಲ್ಕು ಸ್ನಾಯುಗಳು ಸುತ್ತುವರಿದು ಹಿಡಿದಿರುತ್ತವೆ. ಆ ಗುಂಪಿಗೆ ರೊಟೇಟರ್ ಕಫ್ ಅನ್ನುತ್ತಾರೆ. ಅದರಲ್ಲಿ ಮೇಲುಗಡೆಯದು ಸುಪ್ರಾಸ್ಪೈನೇಟಸ್. ಕೈಯನ್ನು ಪಕ್ಕಕ್ಕೆ ಎತ್ತಲು ಮುಖ್ಯವಾಗಿ ಬೇಕಾದದ್ದು ಅದು. ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಪಟ್ಟಿಗೆ ಕಂಡರ ಅನ್ನುತ್ತಾರೆ. ಈ ಸ್ನಾಯುವಿನ ಕಂಡರ ಮೂಳೆಗೆ ಅಂಟುವ ಜಾಗದಲ್ಲೇ ನಿಮಗೆ ಹರಿದಿದೆ.

ರಿಪೋರ್ಟಿನಲ್ಲಿ "ಫುಲ್ ಥಿಕ್‌ನೆಸ್ ಟೇರ್, 12 ಮಿಲಿಮೀಟರ್" ಎಂದಿರುವುದನ್ನು ನೋಡಿ ಪೂರ್ತಿ ಕಿತ್ತುಹೋಗಿದೆ ಎಂದುಕೊಂಡಿರಿ. ಹಾಗಲ್ಲ. ಪ್ಲೈವುಡ್ ಶೀಟಿಗೆ ಡ್ರಿಲ್ ಹಾಕಿದರೆ ತೂತು ಆ ಕಡೆಗೆ ಹೊರಬರುತ್ತದೆ, ಶೀಟು ಎರಡು ತುಂಡಾಗುವುದಿಲ್ಲ. ಫುಲ್ ಥಿಕ್‌ನೆಸ್ ಎಂದರೆ ದಪ್ಪದ ಲೆಕ್ಕ, ಅಗಲದ ಲೆಕ್ಕ ಅಲ್ಲ. ನಿಮ್ಮ ಕಂಡರದ ಮುಂಭಾಗದಲ್ಲಿ ಮಾತ್ರ ಆರಪಾರ ಹರಿದಿದೆ, ಉಳಿದದ್ದು ಮೂಳೆಯನ್ನು ಹಿಡಿದುಕೊಂಡೇ ಇದೆ. ಕೈ ನಡುಗುತ್ತಾ ಆದರೂ ತಲೆಯ ಮೇಲಕ್ಕೆ ಎತ್ತಿ ತೋರಿಸಿದಿರಲ್ಲ, ಅದು ಅದರಿಂದಲೇ.

ನನಗೆ ಧೈರ್ಯ ಕೊಟ್ಟದ್ದು ಇನ್ನೆರಡು ಸಾಲು. ಹರಿದ ತುದಿ ಹಿಂದಕ್ಕೆ ಹೆಚ್ಚು ಎಳೆದುಕೊಂಡಿಲ್ಲ. ಸ್ನಾಯು ಸೊರಗಿಲ್ಲ, ಕೊಬ್ಬು ತುಂಬಿಲ್ಲ. ಅಂದರೆ ನಮಗೆ ಸಮಯ ಇದೆ.

ಹಾಗಾದರೆ ರಾತ್ರಿ ಹೊತ್ತೇ ಯಾಕೆ ಅಷ್ಟು ನೋವು? "ಬರ್ಸೈಟಿಸ್" ಎಂದು ಬರೆದಿದೆ ನೋಡಿ. ಕಂಡರಕ್ಕೂ ಮೇಲಿನ ಮೂಳೆಗೂ ನಡುವೆ ಒಂದು ತೆಳು ಚೀಲ ಇದೆ, ಅದು ಊದಿಕೊಂಡಿದೆ. ಬಲ ಮಗ್ಗುಲಿಗೆ ಹೊರಳಿದರೆ ಅದೇ ಅದುಮಿಕೊಳ್ಳುತ್ತದೆ, ಎರಡು ಗಂಟೆಗೆ ಎಚ್ಚರವಾಗುತ್ತದೆ. ನಿದ್ದೆ ಕೆಟ್ಟಷ್ಟೂ ನೋವು ಜಾಸ್ತಿ ಅನ್ನಿಸುತ್ತದೆ. ಆದ್ದರಿಂದ ಮೊದಲು ನಿದ್ದೆ ಸರಿಮಾಡೋಣ. ಅಂಗಾತ ಮಲಗಿ, ಬಲ ಮೊಣಕೈ ಕೆಳಗೆ ಮಡಚಿದ ದುಪ್ಪಟಿ ಇಟ್ಟುಕೊಳ್ಳಿ, ಭುಜ ಹಿಂದಕ್ಕೆ ಜೋತುಬೀಳಬಾರದು. ಎಡ ಮಗ್ಗುಲಾದರೆ ಎದೆಗೊಂದು ದಿಂಬು ಅಪ್ಪಿಕೊಂಡು ಅದರ ಮೇಲೆ ಬಲಗೈ ಇಡಿ. ತಲೆಯ ಕೆಳಗೆ ಕೈ ಇಟ್ಟು ಮಲಗುವ ಅಭ್ಯಾಸ ಬಿಡಿ.

ನಾನು ಬರೆದ ಮಾತ್ರೆ ಸಾಕು. ನಿಮಗೆ ಸಕ್ಕರೆ ಕಾಯಿಲೆ ಇದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನೋವಿನ ಮಾತ್ರೆ ನುಂಗುತ್ತಾ ಹೋದರೆ ಕಿಡ್ನಿಗೆ ಪೆಟ್ಟು. ನೋವು ತಗ್ಗದಿದ್ದರೆ ಆ ಚೀಲಕ್ಕೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು. ಅದಾದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಮತ್ತೆ ಮತ್ತೆ ಕೊಟ್ಟರೆ ಕಂಡರವೇ ದುರ್ಬಲವಾಗುತ್ತದೆ. ಹಾಗಾಗಿ ಅದು ಎರಡನೇ ಮಾತು.

ಯಾರೋ ಪುತ್ತೂರು ಕಟ್ಟು ಹಾಕಿಸಿ ಅಂದರಂತೆ. ದಯವಿಟ್ಟು ಬೇಡ. ಮೂಳೆ ಮುರಿದಿಲ್ಲ. ಈ ಭುಜವನ್ನು ವಾರಗಟ್ಟಲೆ ಕಟ್ಟಿಟ್ಟರೆ ಬಿಗಿದುಕೊಳ್ಳುತ್ತದೆ, ಸಕ್ಕರೆ ಇರುವವರಿಗೆ ಇನ್ನೂ ಬೇಗ. ನಿಮಗೆ ಬೇಕಾದದ್ದು ವ್ಯಾಯಾಮ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದನ್ನು ಮನೆಯಲ್ಲಿ ದಿನವೂ, ಹನ್ನೆರಡು ವಾರ. ಹರಿದದ್ದು ಅದರಿಂದ ಕೂಡಿಕೊಳ್ಳುವುದಿಲ್ಲ, ಆದರೆ ಉಳಿದ ಸ್ನಾಯುಗಳು ಆ ಭಾರ ಹೊರಲು ಕಲಿಯುತ್ತವೆ, ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ನೋವೇ ಇಲ್ಲದ ವಯಸ್ಸಾದವರ ಭುಜದಲ್ಲೂ ಕಂಡರ ಹೀಗೆ ಹರಿದಿರುವುದು ಕಾಣುವುದುಂಟು.

ಕೆಲಸ ನಿಲ್ಲಿಸಿ ಅನ್ನುವುದಿಲ್ಲ, ಮನೆ ನಡೆಯಬೇಕು. ಮೇಜಿನ ಮೇಲಿನ ಕೆಲಸ, ಅಳತೆ, ಪಾಲಿಶ್ ಮಾಡಿ. ಸೀಲಿಂಗಿಗೆ ಡ್ರಿಲ್ ಹಿಡಿಯುವುದು, ದಾರಂದ ಎತ್ತುವುದು, ಶೀಟು ಹೊರುವುದು ಸದ್ಯಕ್ಕೆ ಹುಡುಗರಿಗೆ. ಬೀಡಿ ಪೂರ್ತಿ ಬಿಡಿ, ಕಂಡರ ವಾಸಿಯಾಗಲು ಅದು ಅಡ್ಡಿ.

ಹನ್ನೆರಡು ವಾರ ಮಾಡಿಯೂ ರಾತ್ರಿ ನೋವು ಹಾಗೇ ಇದ್ದರೆ, ಕೈ ಬಲ ಕುಗ್ಗಿದರೆ, ಆಪರೇಷನ್ ಮಾತಾಡೋಣ. ಸಣ್ಣ ತೂತುಗಳಿಂದ ದುರ್ಬೀನು ಹಾಕಿ ಕಂಡರವನ್ನು ಮೂಳೆಗೆ ಹೊಲಿಯುತ್ತಾರೆ. ಆಮೇಲೆ ನಾಲ್ಕರಿಂದ ಆರು ವಾರ ಕೈಯನ್ನು ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ ಇಡಬೇಕು, ತಲೆಯ ಮೇಲಿನ ಭಾರದ ಕೆಲಸಕ್ಕೆ ಸುಮಾರು ಆರು ತಿಂಗಳು. ಅಷ್ಟು ದಿನ ಕೂಲಿ ನಿಂತರೆ ಏನು ಗತಿ ಅಂತ ಈಗಿನಿಂದಲೇ ಮನೆಯಲ್ಲಿ ಕೂತು ಲೆಕ್ಕ ಹಾಕಿ. ಆದರೆ ನೋಡೋಣ ನೋಡೋಣ ಅಂತ ವರ್ಷಗಟ್ಟಲೆ ತಳ್ಳಬೇಡಿ. ಹರಿದ ಜಾಗ ದೊಡ್ಡದಾಗಿ ಸ್ನಾಯುವಿಗೆ ಕೊಬ್ಬು ತುಂಬಿದರೆ ಹೊಲಿದರೂ ನಿಲ್ಲುವುದು ಕಷ್ಟ.

ಬಿದ್ದೋ ಎಳೆದೋ ಕೈ ಇದ್ದಕ್ಕಿದ್ದಂತೆ ಮೇಲೇಳದಿದ್ದರೆ, ಜ್ವರದ ಜೊತೆ ಭುಜ ಕೆಂಪಾಗಿ ಊದಿದರೆ ಅದೇ ದಿನ ಬನ್ನಿ. ಭುಜದ ನೋವಿನ ಜೊತೆ ಎದೆ ಹಿಡಿದು ಬೆವರಿದರೆ ನನಗಾಗಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಆರು ವಾರಕ್ಕೆ ಸಿಗೋಣ. ಬರುವಾಗ ಸಕ್ಕರೆ ಪರೀಕ್ಷೆಯ ಚೀಟಿಯ ಜೊತೆ ಎಂಆರ್‌ಐ ಫಿಲಂ ಕೂಡ ತನ್ನಿ, ರಿಪೋರ್ಟ್ ಹಾಳೆ ಒಂದೇ ಸಾಲದು.