ವಿಷಯ: ಮಿಲ್ ಮುಷ್ಕರದ ಪಾಠದ ವಿಡಿಯೋದಿಂದ ನಮ್ಮ ಅಪ್ಪನ ಬಗ್ಗೆ ಇರುವ ಮಾತು ತೆಗೆಯಲು ವಿನಂತಿ

ನಮಸ್ಕಾರ ಸರ್,

ನಾನು ಸುಜಾತಾ, ಟಿ.ವೈ.ಬಿ.ಎ. ಇತಿಹಾಸ. 1982ರ ಮಿಲ್ ಮುಷ್ಕರದ ಬಗ್ಗೆ ನೀವು ಕನ್ನಡದಲ್ಲಿ ಮಾಡಿದ ಪಾಠವನ್ನು ಯೂಟ್ಯೂಬ್‌ಗೆ ಹಾಕಿದ್ದೀರಿ. ಅದರಲ್ಲಿ ನಮ್ಮ ಅಪ್ಪನ ಬಗ್ಗೆ ಬಂದ ಮಾತನ್ನು ದಯವಿಟ್ಟು ತೆಗೆಯಿರಿ ಎಂದು ಕೇಳಲು ಬರೆಯುತ್ತಿದ್ದೇನೆ. ತೆಗೆಯುವ ತನಕ ವಿಡಿಯೋವನ್ನು Private ಮಾಡಿಟ್ಟರೆ ತುಂಬಾ ಉಪಕಾರ. ಈಗ ಅದು Unlisted ಇದೆ. ಹುಡುಕಿದರೆ ಸಿಗುವುದಿಲ್ಲ, ಆದರೆ ಲಿಂಕ್ ಇದ್ದವರೆಲ್ಲ ನೋಡಬಹುದು. ಲಿಂಕ್ ನಮ್ಮ ಕ್ಲಾಸಿನ ವಾಟ್ಸ್ಯಾಪ್ ಗ್ರೂಪ್ ದಾಟಿ ಹೊರಗೆ ಹೋಗಿಬಿಟ್ಟಿದೆ.

ಆ ಮಾತು ಬರುವುದು 31:40ರಿಂದ 32:54ರವರೆಗೆ. ಮುಷ್ಕರ ಮುಂದುವರಿದಂತೆ ಮಿಲ್ ಕೆಲಸಗಾರರಿಗೆ ಉದ್ರಿ ಕೊಟ್ಟ ಅಂಗಡಿಯವರು, ಊಟ ಹಾಕಿದವರು ಕೂಡ ಹೇಗೆ ಮುಳುಗಿದರು ಅಂತ ಹೇಳುತ್ತಿದ್ದಿರಿ. ಅಲ್ಲಿಂದ ಲಾಕ್‌ಡೌನ್ ದಿನಗಳಿಗೆ ಬಂದು, 'ದೂರ ಯಾಕೆ, ನಮ್ಮ ಸುಜಾತಾಳ ಅಪ್ಪನನ್ನೇ ನೋಡಿ' ಅಂದಿರಿ. ಲೋವರ್ ಪರೇಲ್‌ನಲ್ಲಿ ಅಪ್ಪನ ಕ್ಯಾಂಟೀನ್ ಮುಚ್ಚಿದ್ದು, ಅದರ ಸಾಲ ಇನ್ನೂ ತೀರದೇ ಇರುವುದು, ಅವರು ನಿದ್ದೆಗೆ ಮಾತ್ರೆ ತೆಗೆದುಕೊಳ್ಳುವುದು, ನಾನು ಓದು ಬಿಡುವ ಯೋಚನೆಯಲ್ಲಿದ್ದದ್ದು, ಎಲ್ಲವೂ ಅಲ್ಲಿ ಬಂದಿದೆ. ಮತ್ತೆ 47:06ರಿಂದ 47:12ರವರೆಗೆ 'ಆಗ ಹೇಳಿದೆನಲ್ಲ, ಸುಜಾತಾಳ ಅಪ್ಪ' ಅಂತ ಇನ್ನೊಮ್ಮೆ ಬರುತ್ತದೆ. ಈ ಎರಡೂ ತುಣುಕು ಹೋಗಬೇಕು. ನನ್ನ ಹೆಸರನ್ನು ಮಾತ್ರ ಮ್ಯೂಟ್ ಮಾಡಿದರೆ ಸಾಲದು ಸರ್. ಕ್ಯಾಂಟೀನ್ ಎಲ್ಲಿತ್ತು ಅಂತ ಹೇಳಿದ ಮೇಲೆ, ನಮ್ಮ ಕಾರ್ಕಳದ ಕಡೆಯವರಿಗೆ ಅದು ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಇದೆಲ್ಲ ನಾನು ನಿಮಗೆ ಹೇಳಿದ್ದು ಫೀಸ್ ಕಂತಿನಲ್ಲಿ ಕಟ್ಟಲು ಪತ್ರ ಬೇಕು ಅಂತ ಸ್ಟಾಫ್ ರೂಮಿಗೆ ಬಂದಾಗ. ನೀವು ಆವತ್ತೇ ಪತ್ರ ಬರೆದು ಆಫೀಸಿಗೆ ಕೊಟ್ಟಿರಿ. ಅದಕ್ಕೇ ನಾನು ಇವತ್ತು ಕಾಲೇಜಿನಲ್ಲಿ ಇದ್ದೇನೆ. ಅದನ್ನು ಮರೆಯುವುದಿಲ್ಲ. ನೀವು ನಮ್ಮನ್ನು ಕೀಳು ಮಾಡಲು ಹೇಳಿದ್ದಲ್ಲ ಅನ್ನುವುದು ಕೂಡ ನನಗೆ ಗೊತ್ತು. ನಿಮ್ಮ ದನಿಯಲ್ಲಿ ಅಪ್ಪನ ಬಗ್ಗೆ ಗೌರವವೇ ಇತ್ತು. ಆದರೆ ಆ ವಿಷಯ ನಾನು ಸಹಾಯ ಕೇಳುವಾಗ ನಿಮ್ಮೊಬ್ಬರಿಗೆ ಹೇಳಿದ್ದು. ಪಾಠದಲ್ಲಿ ಬಳಸಬಹುದಾ ಅಂತ ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಯಾಕೆಂದರೆ ಅದು ನನ್ನದಕ್ಕಿಂತ ಜಾಸ್ತಿ ಅಪ್ಪನ ವಿಷಯ.

ಅಪ್ಪ ಈಗ ಡೊಂಬಿವಲಿಯಲ್ಲಿ ಇನ್ನೊಬ್ಬರ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ. ದುಡ್ಡು ಮುಟ್ಟುವ ಕೆಲಸ ಅದು. ಕ್ಯಾಂಟೀನ್ ನಿಂತುಹೋಯಿತು ಅಂತ ಹೋಟೆಲ್ ಧಣಿಗೆ ಗೊತ್ತು, ಆದರೆ ಸಾಲ ಎಷ್ಟು, ಯಾರಿಂದ ಅನ್ನುವುದು ಗೊತ್ತಿಲ್ಲ. ಗಲ್ಲೆಯಲ್ಲಿ ಕೂತವನ ತಲೆ ಮೇಲೆ ಸಾಲ ಇದೆ ಅಂತ ಗೊತ್ತಾದರೆ, ಒಂದು ದಿನ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಬಂದರೂ ಮೊದಲು ನೋಡುವುದು ಅವರ ಮುಖವನ್ನೇ ಅಲ್ವಾ? ಅಪ್ಪ ಒಂದು ರೂಪಾಯಿ ಆಚೀಚೆ ಮಾಡುವವರಲ್ಲ. ಇಷ್ಟು ವರ್ಷ ಉಳಿಸಿಕೊಂಡ ಹೆಸರಿಗೆ ಸುಮ್ನೆ ಅನುಮಾನ ಅಂಟಬಾರದು. ಇನ್ನು ಮಾತ್ರೆಯ ವಿಷಯ ನಮ್ಮ ಅಜ್ಜಿಗೆ ಕೂಡ ಹೇಳಿಲ್ಲ. ಊರಲ್ಲಿ ಅವರು ಒಬ್ಬರೇ ಇರುವುದು.

ಮುಂಬೈ ಎಷ್ಟು ದೊಡ್ಡದಾದರೂ ನಮ್ಮವರ ಮುಂಬೈ ಚಿಕ್ಕದು ಅಂತ ನೀವೇ ಹೇಳುತ್ತೀರಿ. ಮೊನ್ನೆ ಘಾಟ್‌ಕೋಪರ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಇದೇ ಲಿಂಕ್ ನನಗೆ ಕಳಿಸಿ, 'ನಿಮ್ಮ ಸರ್ ಎಷ್ಟು ಚೆಂದ ಹೇಳ್ತಾರೆ, ರಾತ್ರಿ ಪೂರ್ತಿ ನೋಡ್ತೇನೆ' ಅಂತ ಬರೆದಿದ್ದ. ಆಮೇಲೆ ಅವನಿಂದ ಏನೂ ಬಂದಿಲ್ಲ. ಅಪ್ಪ ಇನ್ನೂ ನೋಡಿಲ್ಲ. ಅವರ ಫೋನಿಗೆ ಹೋಗುವ ಮೊದಲು ಇದು ಸರಿಯಾಗಬೇಕು ಅನ್ನುವುದೇ ನನ್ನ ಆತುರ.

ವಿಡಿಯೋ ಪೂರ್ತಿ ತೆಗೆದುಹಾಕಿ ಅಂತ ನಾನು ಕೇಳುತ್ತಿಲ್ಲ. ದತ್ತಾ ಸಾಮಂತರ ಹತ್ತಿರ ಕೆಲಸಗಾರರು ಯಾಕೆ ಹೋದರು, ಮಾನ್ಯತೆ ಇದ್ದ ಯೂನಿಯನ್ ಮೇಲೆ ಅವರಿಗೆ ಯಾಕೆ ನಂಬಿಕೆ ಹೋಗಿತ್ತು, 1946ರ ಕಾಯಿದೆ ಆ ಯೂನಿಯನ್‌ಗೆ ಎಷ್ಟು ಬಲ ಕೊಟ್ಟಿತ್ತು ಅನ್ನುವುದು ನನಗೆ ಮೊದಲ ಸಲ ಅರ್ಥವಾದದ್ದು ಈ ಪಾಠದಲ್ಲೇ. ನಮ್ಮಂಥ ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಬೇಕೇ ಬೇಕು.

ಕತ್ತರಿಸಿದರೆ ಪಾಠದ ಎಳೆಯೂ ತಪ್ಪುವುದಿಲ್ಲ, ನಾನು ಕೇಳಿ ನೋಡಿದ್ದೇನೆ. 31:40ಕ್ಕೆ ಮೊದಲು 'ಉದ್ರಿ ಕೊಟ್ಟವನೂ ಮುಳುಗುತ್ತಾನೆ' ಅಂತ ವಾಕ್ಯ ಮುಗಿಯುತ್ತದೆ. 32:54ಕ್ಕೆ 'ಈಗ ಬದಲಿ ಕೆಲಸಗಾರರ ವಿಷಯಕ್ಕೆ ಬರೋಣ' ಅಂತ ಶುರುವಾಗುತ್ತದೆ. ಅಲ್ಲಿ ಉದಾಹರಣೆ ಬೇಕೇ ಬೇಕು ಅನಿಸಿದರೆ ಗಿರಣಗಾಂವ್‌ನ ಖಾನಾವಳಿ ಹೆಂಗಸರ ಬಗ್ಗೆ ಹೇಳಬಹುದು. ಊರಿನಿಂದ ಒಂಟಿಯಾಗಿ ಬಂದ ಮಿಲ್ ಕೆಲಸಗಾರರಿಗೆ ಅವರು ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ಸಂಬಳ ನಿಂತರೆ ಇವರ ಬಾಕಿಯೂ ನಿಂತಂತೆ. ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು ಇಂಥ ಹೆಂಗಸರಿಗಾಗಿಯೇ. ಬೇರೆ ಪಾಠದಲ್ಲಿ ನೀವೇ ಇದನ್ನು ಹೇಳಿದ್ದೀರಿ.

ಹೊಸದಾಗಿ ಅಪ್‌ಲೋಡ್ ಮಾಡುವ ಕೆಲಸವೂ ಇಲ್ಲ ಸರ್. ಕಂಪ್ಯೂಟರಿನಲ್ಲಿ YouTube Studio ತೆರೆದು, ಆ ವಿಡಿಯೋದ Editor ಒಳಗೆ Trim & cut ಒತ್ತಿ, ಒಂದೊಂದು ತುಣುಕಿಗೂ New cut ಆರಿಸಿ ಅದರ ಸಮಯ ಹಾಕಿ ಟಿಕ್ ಗುರುತು ಒತ್ತಿ, ಕೊನೆಗೆ Save ಮಾಡಿದರೆ ಆಯಿತು. ಲಿಂಕ್, ಕಾಮೆಂಟ್, ಎಷ್ಟು ಜನ ನೋಡಿದರು ಅನ್ನುವ ಲೆಕ್ಕ ಹಾಗೆಯೇ ಉಳಿಯುತ್ತದೆ. ಬದಲಾವಣೆ ಕಾಣಲು ಕೆಲವು ಗಂಟೆ ಹಿಡಿಯಬಹುದು, ಅಲ್ಲಿಯವರೆಗೆ ಹಳೆಯದೇ ಕಾಣುತ್ತಿರುತ್ತದೆ. ಮೊದಲು Private ಮಾಡಿ ಅಂತ ಕೇಳಿದ್ದು ಅದಕ್ಕೇ. ವಿಡಿಯೋದ ಕೆಳಗೆ ನೀವು ಬರೆದಿರುವ ಸಮಯಗಳೂ ಬದಲಾಗುತ್ತವೆ. ಬದಲಿ ಕೆಲಸಗಾರರ ಭಾಗ 31:40ಕ್ಕೆ ಬರುತ್ತದೆ, 48:30ರಲ್ಲಿದ್ದ 'ಮುಷ್ಕರದ ನಂತರ' 47:10ಕ್ಕೆ ಬರುತ್ತದೆ.

ಡೇಟಾ ಕಮ್ಮಿ ಇರುವವರಿಗೆಂದು ಡ್ರೈವ್‌ನಲ್ಲಿ ಇದೇ ಪಾಠದ ಆಡಿಯೋ ಹಾಕಿದ್ದೀರಿ. ಅದರಲ್ಲೂ ಆ ಮಾತು ಇದೆ. ಅದನ್ನೂ ತೆಗೆಯಿರಿ. ನೀವು ಮೂಲ ಆಡಿಯೋ ಕಳಿಸಿದರೆ ನಾನೇ ಕತ್ತರಿಸಿ ವಾಪಸ್ ಕಳಿಸುತ್ತೇನೆ.

ಇನ್ನೊಂದು ಕೋರಿಕೆ. ಈ ಬಗ್ಗೆ ಕ್ಲಾಸಿನಲ್ಲಿ ಏನೂ ಹೇಳಬೇಡಿ ಸರ್, ನನ್ನ ಹತ್ತಿರ ಎಲ್ಲರೆದುರು ಕ್ಷಮೆಯನ್ನೂ ಕೇಳಬೇಡಿ. ಗ್ರೂಪ್‌ನಲ್ಲಿ ಯಾರಾದರೂ ವಿಡಿಯೋ ಯಾಕೆ ತೆರೆಯುತ್ತಿಲ್ಲ ಅಂತ ಕೇಳಿದರೆ 'ಎಡಿಟ್ ಆಗುತ್ತಿದೆ' ಅಂದರೆ ಸಾಕು. ಮುಂದೆ ನಮ್ಮಲ್ಲಿ ಯಾರ ಮನೆಯ ವಿಷಯವನ್ನಾದರೂ ಪಾಠದಲ್ಲಿ ತರಬೇಕು ಅನಿಸಿದರೆ, ರೆಕಾರ್ಡ್ ಆಗುವ ಮೊದಲು ಅವರನ್ನು ಒಂದು ಮಾತು ಕೇಳಿ. ಸ್ಟಾಫ್ ರೂಮಿನಲ್ಲಿ ನಾವು ಕಷ್ಟ ಹೇಳಿಕೊಳ್ಳುವುದು ನಿಮ್ಮೊಬ್ಬರ ಹತ್ತಿರವೇ.

ನಾಳೆ ಹನ್ನೊಂದು ಗಂಟೆಯ ಲೆಕ್ಚರ್ ಮುಗಿದ ಮೇಲೆ ನಾನು ಲೈಬ್ರರಿಯಲ್ಲಿ ಇರುತ್ತೇನೆ. ಕತ್ತರಿಸುವಾಗ ಜೊತೆಗೆ ಯಾರಾದರೂ ಬೇಕಿದ್ದರೆ ಇದೇ ಇಮೇಲ್‌ಗೆ ಒಂದು ಸಾಲು ಬರೆಯಿರಿ, ಬರುತ್ತೇನೆ. Private ಮಾಡಿದ ತಕ್ಷಣ ತಿಳಿಸಿದರೆ ಇವತ್ತು ರಾತ್ರಿ ನನಗೆ ಸಮಾಧಾನ.

ನಿಮ್ಮ ವಿದ್ಯಾರ್ಥಿನಿ,
ಸುಜಾತಾ
ಟಿ.ವೈ.ಬಿ.ಎ., ಇತಿಹಾಸ