ವಿಷಯ: ನವೆಂಬರ್ 17–28ರ ರಜೆ ಹಿಂಪಡೆದು ಡಿಸೆಂಬರ್ 8–18ಕ್ಕೆ ಬದಲಿಸಿಕೊಡಲು ಕೋರಿಕೆ (ನ. 20ರ ಒಂದು ದಿನ ಹೊರತು)

ನಮಸ್ಕಾರ ಮೇಡಂ,

ನವೆಂಬರ್ 17ರಿಂದ 28ರವರೆಗೆ 10 ದಿನಗಳ ಗಳಿಕೆ ರಜೆಗೆ ನೀವು ಕಳೆದ ತಿಂಗಳೇ ಒಪ್ಪಿಗೆ ಕೊಟ್ಟಿದ್ದೀರಿ. ಬಿಲ್ಲಿಂಗ್ ಸಿಸ್ಟಮ್ ಬದಲಾವಣೆಯ ಗಡುವು ಆಗ ನವೆಂಬರ್ 14 ಇತ್ತು. ಶುಕ್ರವಾರದ ಮೀಟಿಂಗಿನಲ್ಲಿ ಅದು 26ಕ್ಕೆ ಹೋಗಿರುವುದರಿಂದ, ಈ ರಜೆಯಲ್ಲಿ 9 ದಿನಗಳನ್ನು ಹಿಂಪಡೆದು ಡಿಸೆಂಬರ್ 8ರ ಸೋಮವಾರದಿಂದ 18ರ ಗುರುವಾರದವರೆಗೆ ಬದಲಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನವೆಂಬರ್ 20ರ ಗುರುವಾರ ಒಂದು ದಿನ ಮಾತ್ರ ರಜೆ ಹಾಗೆಯೇ ಇರಲಿ. ಅಂದು ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಇದೆ, ಆ ದಿನವನ್ನು ಬದಲಿಸುವಂತಿಲ್ಲ. ಅಂದು ಫೋನಿನಲ್ಲೂ ಸಿಗುವುದು ಕಷ್ಟ. ಮರುದಿನ ಬೆಳಿಗ್ಗೆ ಎಂದಿನ ಸಮಯಕ್ಕೆ ಬರುತ್ತೇನೆ.

ಈ ಎರಡು ವಾರ ನಾನು ಇರಲೇಬೇಕು ಅನ್ನಿಸುವುದಕ್ಕೆ ಕಾರಣ ಇದೆ. ಹಳೆಯ ಮತ್ತು ಹೊಸ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಸಿಕ್ಕ ವ್ಯತ್ಯಾಸಗಳಲ್ಲಿ ಹೆಚ್ಚಿನವು ತೆರಿಗೆಯನ್ನು ಎರಡು ದಶಮಾಂಶಕ್ಕೆ ತರುವ ಕಡೆಯೇ ಇವೆ. ಒಂದು ಬಿಲ್ಲಿನ ಮೂರು ಸಾಲುಗಳಲ್ಲೂ ತೆರಿಗೆ 10.004 ಬಂದರೆ, ಹಳೆಯ ಸಿಸ್ಟಮ್ ಪ್ರತಿ ಸಾಲನ್ನೂ 10.00 ಮಾಡಿ ಆಮೇಲೆ ಕೂಡುತ್ತದೆ, ಒಟ್ಟು 30.00. ಹೊಸದು ಮೊದಲು ಕೂಡಿ 30.012 ಮಾಡಿಕೊಂಡು 30.01 ತೋರಿಸುತ್ತದೆ. ಒಂದು ಬಿಲ್ಲಿಗೆ ಇದು ಏನೂ ಅಲ್ಲ, ಆದರೆ ತಿಂಗಳ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ. ಆ ಭಾಗ ಬರೆದವಳು ನಾನೇ ಆದ್ದರಿಂದ ಅದನ್ನು ಸರಿಪಡಿಸಿ, ಮೂರು ತಿಂಗಳ ಬಿಲ್ಲುಗಳನ್ನು ಮತ್ತೆ ಓಡಿಸಿ ನೋಡುವುದು ನನ್ನ ಕೈಯಲ್ಲೇ ಬೇಗ ಆಗುತ್ತದೆ. ಪ್ರಕಾಶ್ ಅವರು ನನ್ನ ಬದಲಿಗೆ ನೋಡಿಕೊಳ್ಳಲು ಒಪ್ಪಿದ್ದರು ನಿಜ. ಆದರೆ ಅವರು ಒಪ್ಪಿದ್ದು ಬಿಡುಗಡೆಯ ನಂತರದ ಸಣ್ಣಪುಟ್ಟ ದೂರುಗಳಿಗೆ. ಅರ್ಧಕ್ಕೆ ನಿಂತ ಕೆಲಸವನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಡಿಸೆಂಬರ್ 8 ಎಂದು ಕೇಳುತ್ತಿರುವುದೂ ಲೆಕ್ಕ ಹಾಕಿಯೇ. 26ಕ್ಕೆ ಬಿಡುಗಡೆಯಾದರೆ ಡಿಸೆಂಬರ್ 3ರವರೆಗೆ ಒಂದು ವಾರ ನಿಗಾ ಇಡಬೇಕು. 4 ಮತ್ತು 5ರಂದು ಪ್ರಕಾಶ್ ಅವರ ಜೊತೆ ಕೂತು ಕೆಲಸ ವಹಿಸಿಕೊಡುತ್ತೇನೆ. ಅವರ ಸ್ವಂತ ರಜೆ 22ರಿಂದ ಶುರು. ನಾನು 19ರ ಶುಕ್ರವಾರ ಬಂದರೆ ಅವರಿಂದ ಕೆಲಸ ವಾಪಸ್ ತೆಗೆದುಕೊಳ್ಳಲು ಪೂರ್ತಿ ಒಂದು ದಿನ ಸಿಗುತ್ತದೆ. ಈ ತಾರೀಖುಗಳನ್ನು ಅವರ ಜೊತೆ ಮಾತಾಡಿಯೇ ಬರೆಯುತ್ತಿದ್ದೇನೆ.

ಗಡುವು ಇನ್ನೊಮ್ಮೆ ಜಾರುವ ಸೂಚನೆ ಕಂಡರೆ ಕೂಡಲೇ ನಿಮಗೆ ತಿಳಿಸುತ್ತೇನೆ. ಆದರೆ ಮೇಡಂ, ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಇದು ಮನೆಯವರೆಲ್ಲ ಸೇರಿ ಮಾಡಿಕೊಂಡ ಪ್ರಯಾಣ, ಎರಡನೇ ಸಲ ಮುಂದೂಡುವುದು ನನಗೆ ಆಗಲಾರದು. ಹಾಗೇನಾದರೂ ಆದರೆ ಉಳಿದ ಕೆಲಸವನ್ನು ಯಾರಿಗೆ ಹಂಚುವುದು ಎಂದು ಆಗಲೇ ಕೂತು ತೀರ್ಮಾನಿಸೋಣ.

ಪೋರ್ಟಲ್ಲಿನಲ್ಲಿ ಒಂದು ತೊಡಕಿದೆ. ಮಂಜೂರಾದ ರಜೆಯ ತಾರೀಖು ತಿದ್ದಲು ಬರುವುದಿಲ್ಲ, ಪೂರ್ತಿ ರದ್ದು ಮಾಡಿ ಹೊಸದಾಗಿ ಹಾಕಬೇಕು. ನನ್ನ ಖಾತೆಯಲ್ಲಿ ಈಗ ಉಳಿದಿರುವುದು 2 ದಿನ. ರದ್ದತಿಗೆ ನೀವು ಒಪ್ಪಿಗೆ ಕೊಟ್ಟ ಮೇಲೆಯೇ ಆ 10 ದಿನ ವಾಪಸ್ ಜಮೆಯಾಗಿ 12 ಆಗುತ್ತದೆ. ಅದಕ್ಕೂ ಮೊದಲು 9 ದಿನದ ಅರ್ಜಿ ಹಾಕಿದರೆ ರಜೆ ಸಾಲದೆಂದು ತಿರಸ್ಕಾರವಾಗುತ್ತದೆ. ಹಾಗಾಗಿ ಇವತ್ತು ರದ್ದತಿ ಕೋರಿಕೆ ಮಾತ್ರ ಕಳಿಸಿದ್ದೇನೆ. ನೀವು ಒಪ್ಪಿದ ತಕ್ಷಣ ನವೆಂಬರ್ 20ಕ್ಕೊಂದು, ಡಿಸೆಂಬರ್ 8–18ಕ್ಕೊಂದು, ಹೀಗೆ ಎರಡು ಅರ್ಜಿ ಹಾಕುತ್ತೇನೆ. ಈ ತಿಂಗಳ ಹಾಜರಾತಿ 20ಕ್ಕೆ ಮುಚ್ಚುತ್ತದೆ. ರದ್ದತಿ ಅಷ್ಟರೊಳಗೆ ಆಗದಿದ್ದರೆ ನಾನು ಕೆಲಸ ಮಾಡಿದ ದಿನಗಳೂ ರಜೆಯೆಂದೇ ದಾಖಲಾಗಿ, ಮುಂದಿನ ತಿಂಗಳು ತಿದ್ದಿಸಬೇಕಾಗುತ್ತದೆ.

ಟಿಕೆಟ್ ಬದಲಿಸಲು ಬುಧವಾರ, 12ನೇ ತಾರೀಖು ಕೊನೆಯ ದಿನ. ನಾಳೆ ಸಂಜೆಯೊಳಗೆ ನಿಮ್ಮ ಉತ್ತರ ಸಿಕ್ಕರೆ ತುಂಬಾ ಅನುಕೂಲ. ಡಿಸೆಂಬರಿನ ತಾರೀಖುಗಳಲ್ಲಿ ಒಂದೆರಡು ದಿನ ಹಿಂದೆಮುಂದೆ ಆಗಬೇಕಿದ್ದರೆ ಈಗಲೇ ಹೇಳಿ, ಹೊಂದಿಸಿಕೊಳ್ಳುತ್ತೇನೆ.

ಮೊದಲು ರಜೆ ಕೇಳಿದಾಗ ಒಂದೇ ಮಾತಿಗೆ ಒಪ್ಪಿದ್ದಿರಿ, ಅದಕ್ಕೆ ಧನ್ಯವಾದಗಳು. ಈಗ ಮತ್ತೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ.

ಇಂತಿ ನಿಮ್ಮ ವಿಶ್ವಾಸಿ,
ಸುಮಾ
ಬಿಲ್ಲಿಂಗ್ ತಂಡ
10 ನವೆಂಬರ್ 2025

ಪ್ರತಿ: ಪ್ರಕಾಶ್ ಅವರಿಗೆ, ಹಾಜರಾತಿ ವಿಭಾಗಕ್ಕೆ

ಪೋರ್ಟಲ್ಲಿನ ಕಾರಣದ ಜಾಗದಲ್ಲಿ ಬರೆದಿರುವುದು: "ಪ್ರಾಜೆಕ್ಟ್ ಗಡುವು ನ. 14ರಿಂದ 26ಕ್ಕೆ ಹೋಗಿರುವುದರಿಂದ ನ. 17–28ರ ರಜೆ ರದ್ದುಪಡಿಸಲು ಕೋರಿಕೆ. ನ. 20 (1 ದಿನ) ಮತ್ತು ಡಿ. 8–18 (9 ದಿನ) ಅರ್ಜಿಗಳನ್ನು ಬೇರೆಯಾಗಿ ಸಲ್ಲಿಸಲಾಗುವುದು."