ಹಕ್ಕು ಖುಲಾಸೆ ಪತ್ರ

ಸನ್ 2025ನೇ ಇಸವಿ ಮಾರ್ಚ್ ತಿಂಗಳು 20ನೇ ತಾರೀಖಿನ ದಿವಸ, ತುಮಕೂರು ಜಿಲ್ಲೆ ತಿಪಟೂರು ನಗರದಲ್ಲಿ,

ತಿಪಟೂರು ನಗರ ಗಾಂಧಿನಗರ 3ನೇ ಅಡ್ಡರಸ್ತೆಯಲ್ಲಿ ವಾಸವಾಗಿರುವ, ದಿವಂಗತ ಚನ್ನಬಸಪ್ಪನವರ ಮಗ, ಸುಮಾರು 48 ವರ್ಷ ವಯಸ್ಸಿನ, ಕೊಬ್ಬರಿ ವ್ಯಾಪಾರಿ ಶ್ರೀ ಸಿ. ಮಂಜುನಾಥ ಆದ ನಿಮಗೆ,

ಮೈಸೂರು ನಗರ ಕುವೆಂಪುನಗರದಲ್ಲಿ ವಾಸವಾಗಿರುವ, ದಿವಂಗತ ಚನ್ನಬಸಪ್ಪನವರ ಮಗಳೂ ಶ್ರೀ ಎಂ. ನಾಗಭೂಷಣರವರ ಪತ್ನಿಯೂ ಆದ, ಸುಮಾರು 52 ವರ್ಷ ವಯಸ್ಸಿನ, ಗೃಹಿಣಿ ಶ್ರೀಮತಿ ಸಿ. ಪುಷ್ಪಲತಾ ಆದ ನಾನು,

ನನ್ನ ಸ್ವಂತ ಇಚ್ಛೆಯಿಂದ ಬರೆಸಿಕೊಟ್ಟ ಸ್ಥಿರಾಸ್ತಿಯ ಹಕ್ಕು ಖುಲಾಸೆ ಪತ್ರದ ಕ್ರಮವೇನೆಂದರೆ:

ಈ ಪತ್ರದ ಷೆಡ್ಯೂಲಿನಲ್ಲಿ ವಿವರಿಸಿರುವ ನಿವೇಶನವನ್ನು ನಮ್ಮ ತಂದೆ ಚನ್ನಬಸಪ್ಪನವರು ಶಾಲಾ ಶಿಕ್ಷಕರಾಗಿದ್ದಾಗ ತಮ್ಮ ಸಂಬಳದ ಉಳಿತಾಯದಿಂದ ಖರೀದಿಸಿದರು. ತಿಪಟೂರು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ 1ನೇ ಪುಸ್ತಕದ ದಸ್ತಾವೇಜು ಸಂಖ್ಯೆ 1127/1984-85 ಆಗಿ, ದಿನಾಂಕ 11-10-1984ರಂದು ಆ ಕ್ರಯಪತ್ರ ನೋಂದಣಿಯಾಗಿರುತ್ತದೆ. ಅದರಲ್ಲಿ ಮನೆ ಕಟ್ಟಿಸಿ 1987ರಲ್ಲಿ ಗೃಹಪ್ರವೇಶ ಮಾಡಿದರು. ನಿವೇಶನದ ಕ್ರಯಕ್ಕಾಗಲಿ ಮನೆ ಕಟ್ಟುವ ಖರ್ಚಿಗಾಗಲಿ ನಮ್ಮ ಅಜ್ಜನವರ ಕಾಲದ ಯಾವ ಹಣವೂ ಸೇರಿರಲಿಲ್ಲ. ಆದ್ದರಿಂದ ಈ ಸ್ವತ್ತು ನಮ್ಮ ತಂದೆಯವರ ಸ್ವಯಾರ್ಜಿತವೇ ಹೊರತು ಪಿತ್ರಾರ್ಜಿತವಲ್ಲ. ಈ ಮಾತನ್ನು ಇಲ್ಲಿ ಬಿಡಿಸಿ ಬರೆಸಿರುವ ಕಾರಣವಿದೆ: ಮುಂದೆ ನಮ್ಮ ದಾಯಾದಿಗಳಲ್ಲಿ ಯಾರೂ ಇದನ್ನು ಒಟ್ಟು ಕುಟುಂಬದ ಆಸ್ತಿಯೆಂದು ಎಳೆಯಬಾರದು.

ನಮ್ಮ ತಂದೆಯವರು ಯಾವುದೇ ಮರಣಶಾಸನ ಬರೆಯದೆ ದಿನಾಂಕ 06-08-2009ರಂದು ತೀರಿಕೊಂಡರು. ಅವರ ತಾಯಿ ಅವರಿಗಿಂತ ಮೊದಲೇ ಕಾಲವಾಗಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಂತೆ ಪ್ರಥಮ ದರ್ಜೆಯ ವಾರಸುದಾರರಾಗಿ ಉಳಿದವರು ನಮ್ಮ ತಾಯಿ ಗೌರಮ್ಮನವರು, ನಾನು ಮತ್ತು ನೀವು ಮೂವರೇ. ತಲಾ ಮೂರನೇ ಒಂದು ಪಾಲು ನಮಗೆ ಬಂದಿತು. ತಾಯಿಯವರೂ ಮರಣಶಾಸನ ಬರೆಯದೆ ದಿನಾಂಕ 19-01-2021ರಂದು ತೀರಿಕೊಂಡ ಕಾರಣ ಅವರ ಮೂರನೇ ಒಂದು ಪಾಲು ನಮ್ಮಿಬ್ಬರಿಗೆ ಸಮನಾಗಿ ಬಂದು, ಈಗ ನನಗೆ ಅರ್ಧ, ನಿಮಗೆ ಅರ್ಧ ಅವಿಭಜಿತ ಪಾಲಿದೆ. ನಮ್ಮ ತಂದೆತಾಯಿಗೆ ನಾವಿಬ್ಬರಲ್ಲದೆ ಬೇರೆ ಮಕ್ಕಳಿಲ್ಲ. ತೀರಿಕೊಂಡ ಮಗ ಅಥವಾ ಮಗಳ ಸಂತತಿಯೂ ಇಲ್ಲ. ನಾಡಕಚೇರಿಯಿಂದ ಪಡೆದ ವಂಶವೃಕ್ಷ ಇದನ್ನೇ ಹೇಳುತ್ತದೆ. 2022ರಲ್ಲಿ ನಗರಸಭೆಯ ದಾಖಲೆಗಳಲ್ಲಿ ಖಾತೆ ನಮ್ಮಿಬ್ಬರ ಹೆಸರಿಗೆ ಜಂಟಿಯಾಗಿ ಬದಲಾಗಿರುತ್ತದೆ.

ನನ್ನ ಹೆಸರಿನ ವಿಚಾರದಲ್ಲಿ ಒಂದು ಸ್ಪಷ್ಟನೆ. ಶಾಲಾ ದಾಖಲೆಗಳಲ್ಲಿ ನಾನು ಸಿ. ಪುಷ್ಪಲತಾ, ನಗರಸಭೆಯ ಖಾತೆಯಲ್ಲಿ ಪುಷ್ಪಲತ ನಾಗಭೂಷಣ, ಮತದಾರರ ಗುರುತಿನ ಚೀಟಿಯಲ್ಲಿ ಬರೀ ಪುಷ್ಪ. ಈ ಮೂರೂ ಹೆಸರಿನವಳು ನಾನೊಬ್ಬಳೇ. ಹೆಸರಿನ ವ್ಯತ್ಯಾಸವನ್ನು ಮುಂದಿಟ್ಟು ಈ ಪತ್ರವನ್ನು ಪ್ರಶ್ನಿಸಲು ನನಗಾಗಲಿ ನನ್ನ ಕಡೆಯವರಿಗಾಗಲಿ ಅವಕಾಶವಿರುವುದಿಲ್ಲ.

ನಾನು 1997ರಲ್ಲಿ ಮದುವೆಯಾಗಿ ಮೈಸೂರಿಗೆ ಹೋದಾಗಿನಿಂದ ಈ ಮನೆಯನ್ನು ನೋಡಿಕೊಂಡವರು ನೀವು. 2016ರಲ್ಲಿ, ಸೋರುತ್ತಿದ್ದ ಹಿಂಭಾಗದ ಹೆಂಚಿನ ಮಾಡನ್ನು ತೆಗೆಸಿ ಸುಮಾರು 4,60,000 ರೂಪಾಯಿ ಖರ್ಚಿನಲ್ಲಿ ಆರ್‌ಸಿಸಿ ತಾರಸಿ ಹಾಕಿಸಿದವರೂ ನೀವೇ. ಆ ಹಣದಲ್ಲಿ ನನ್ನ ಪಾಲು ಕೇಳಲಿಲ್ಲ. ತಾಯಿಯವರು 2018ರಲ್ಲಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಮೇಲೆ ತೀರಿಕೊಳ್ಳುವವರೆಗೆ ನೀವೂ ನಿಮ್ಮ ಪತ್ನಿಯೂ ಮಾಡಿದ ಆರೈಕೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದ ನನ್ನ ಸೇವೆಯನ್ನು ಅದರ ಪಕ್ಕದಲ್ಲಿಟ್ಟು ಅಳೆಯಲು ಹೊರಡುವುದಿಲ್ಲ. ನನಗೆ ಮೈಸೂರಿನಲ್ಲಿ ವಾಸಕ್ಕೆ ಸ್ವಂತ ಮನೆಯಿದೆ. ನಿಮಗೂ ನಿಮ್ಮ ಸಂಸಾರಕ್ಕೂ ಈ ಮನೆಯೊಂದೇ ಇದೆ. ಈ ಕಾರಣಗಳಿಂದ, ಒಡಹುಟ್ಟಿದ ತಮ್ಮನ ಮೇಲಿನ ಪ್ರೀತಿ ವಿಶ್ವಾಸದಿಂದ, ಷೆಡ್ಯೂಲು ಸ್ವತ್ತಿನಲ್ಲಿ ನನಗಿರುವ ಅರ್ಧ ಅವಿಭಜಿತ ಪಾಲನ್ನು ನಿಮ್ಮ ಪರವಾಗಿ ಬಿಟ್ಟುಕೊಡಲು ತೀರ್ಮಾನಿಸಿದ್ದೇನೆ.

ಆದಕಾರಣ, ಷೆಡ್ಯೂಲು ಸ್ವತ್ತಿನಲ್ಲಿ ನನಗಿರುವ ಅರ್ಧ ಪಾಲಿನ ಸಕಲ ಹಕ್ಕು, ಅಧಿಕಾರ, ಹಿತಾಸಕ್ತಿಗಳನ್ನು, ಅದಕ್ಕೆ ಸೇರಿದ ಜಲ, ತರು, ನಿಧಿ, ನಿಕ್ಷೇಪ ಮುಂತಾದ ಅಷ್ಟಭೋಗ ಸ್ವಾಮ್ಯಗಳ ಸಮೇತ ಈ ದಿನ ನಿಮ್ಮ ಪರವಾಗಿ ಖುಲಾಸೆ ಮಾಡಿ ಬಿಟ್ಟುಕೊಟ್ಟಿದ್ದೇನೆ. ಇದಕ್ಕೆ ಪ್ರತಿಫಲವಾಗಿ ನಾನು ನಿಮ್ಮಿಂದ ನಗದು, ಚೆಕ್ಕು, ಚಿನ್ನ ಅಥವಾ ಬೇರೆ ಯಾವುದೇ ರೂಪದಲ್ಲಿ ಏನನ್ನೂ ಪಡೆದಿಲ್ಲ, ಮುಂದೆ ಪಡೆಯುವ ಒಪ್ಪಂದವೂ ಇಲ್ಲ. ಇಂದಿನಿಂದ ಷೆಡ್ಯೂಲು ಸ್ವತ್ತಿಗೆ ನೀವೊಬ್ಬರೇ ಪೂರ್ಣ ಮಾಲೀಕರು. ನೀವು ಪುತ್ರ ಪೌತ್ರ ಪಾರಂಪರ್ಯವಾಗಿ ಅದನ್ನು ಅನುಭವಿಸಿಕೊಂಡು, ನಿಮ್ಮ ಇಷ್ಟದಂತೆ ಮಾರಾಟ, ದಾನ, ಅಡಮಾನ, ಬಾಡಿಗೆ ಮುಂತಾದ ವ್ಯವಹಾರಗಳನ್ನು ಮಾಡಿಕೊಳ್ಳಲು ನನ್ನ ಒಪ್ಪಿಗೆ ಕೇಳಬೇಕಾಗಿಲ್ಲ.

ಮನೆ ಈಗಾಗಲೇ ನಿಮ್ಮ ಸ್ವಾಧೀನಾನುಭವದಲ್ಲಿರುವುದರಿಂದ ಹೊಸದಾಗಿ ಸ್ವಾಧೀನ ವಹಿಸಿಕೊಡುವ ಪ್ರಶ್ನೆ ಇಲ್ಲ. ನನ್ನ ಹೆಸರಿನಲ್ಲಿ ಕಾನೂನಿನಂತೆ ಇದ್ದ ಜಂಟಿ ಸ್ವಾಧೀನ ಇಂದಿಗೆ ಮುಗಿಯಿತು. ತಾಯಿಯವರ ಟ್ರಂಕಿನಲ್ಲಿದ್ದು, ಅವರ ನಂತರ ನಾನು ಮೈಸೂರಿನಲ್ಲಿ ಜೋಪಾನವಾಗಿ ಇಟ್ಟಿದ್ದ 1984ರ ಮೂಲ ಕ್ರಯಪತ್ರ, ಮನೆ ಕಟ್ಟುವ ಪರವಾನಗಿ ಮತ್ತು ಹಳೆಯ ಕಂದಾಯ ರಸೀದಿಗಳ ಕಟ್ಟನ್ನು ಈ ದಿನ ಸಾಕ್ಷಿಗಳ ಎದುರಿನಲ್ಲಿ ನಿಮ್ಮ ಕೈಗೆ ಒಪ್ಪಿಸಿದ್ದೇನೆ. ಸ್ವತ್ತಿಗೆ ಸಂಬಂಧಿಸಿದ ಬೇರೆ ಯಾವ ಮೂಲ ದಾಖಲೆಯೂ ನನ್ನ ಬಳಿ ಉಳಿದಿಲ್ಲ.

ಷೆಡ್ಯೂಲು ಸ್ವತ್ತಿನಲ್ಲಿ ನನಗಿದ್ದ ಪಾಲನ್ನು ನಾನು ಈ ಹಿಂದೆ ಯಾರಿಗೂ ಕ್ರಯ, ದಾನ, ಅಡಮಾನ, ಜಾಮೀನು ಅಥವಾ ಕರಾರು ಮಾಡಿಕೊಟ್ಟಿಲ್ಲ. ಅದರ ಮೇಲೆ ನ್ಯಾಯಾಲಯದ ಜಪ್ತಿಯಾಗಲಿ ತಡೆಯಾಜ್ಞೆಯಾಗಲಿ ಇಲ್ಲ. ಋಣಭಾರ ಪ್ರಮಾಣಪತ್ರವನ್ನು ನೀವೂ ತೆಗೆಸಿ ನೋಡಿದ್ದೀರಿ. ನನ್ನ ಪಾಲಿಗೆ ಸಂಬಂಧಿಸಿದಂತೆ ನನ್ನ ಕಡೆಯಿಂದ ಅಥವಾ ನನ್ನ ಮೂಲಕ ಹಕ್ಕು ಹೇಳಿಕೊಂಡು ಬರುವವರಿಂದ ಮುಂದೆ ತಂಟೆ ತಕರಾರು ಬಂದರೆ ಅದನ್ನು ನನ್ನ ಸ್ವಂತ ಖರ್ಚಿನಲ್ಲಿ ಪರಿಹರಿಸಿಕೊಡುತ್ತೇನೆ. ನಿಮಗೆ ಆಗುವ ನಷ್ಟವನ್ನೂ ತುಂಬಿಕೊಡುತ್ತೇನೆ. 2024-25ನೇ ಸಾಲಿನವರೆಗಿನ ಆಸ್ತಿ ತೆರಿಗೆಯನ್ನು ನೀವೇ ಕಟ್ಟಿದ್ದೀರಿ. ಅದರಲ್ಲಿ ಅರ್ಧವನ್ನು ನನ್ನಿಂದ ಕೇಳುವುದಿಲ್ಲವೆಂದು ನೀವು ಒಪ್ಪಿದ್ದೀರಿ.

ಈ ಪತ್ರ ಷೆಡ್ಯೂಲಿನಲ್ಲಿರುವ ಮನೆ ಮತ್ತು ನಿವೇಶನಕ್ಕೆ ಮಾತ್ರ ಅನ್ವಯಿಸುತ್ತದೆ. ನೊಣವಿನಕೆರೆ ಹೋಬಳಿಯಲ್ಲಿ ತಂದೆಯವರಿಂದ ನಮ್ಮಿಬ್ಬರಿಗೆ ಬಂದಿರುವ 1 ಎಕರೆ 20 ಗುಂಟೆ ತೆಂಗಿನ ತೋಟದಲ್ಲಿ ನನ್ನ ಅರ್ಧ ಪಾಲು ಹಾಗೆಯೇ ಇದೆ. ಆ ಪಾಲನ್ನು ನಾನು ಬಿಟ್ಟುಕೊಟ್ಟಿಲ್ಲ. ಈ ಪತ್ರದ ಯಾವ ಸಾಲನ್ನೂ ಹಾಗೆ ಅರ್ಥ ಮಾಡಬಾರದು. ತಾಯಿಯವರ ಒಡವೆಗಳನ್ನು 2021ರಲ್ಲಿಯೇ ಇಬ್ಬರೂ ಒಪ್ಪಿ ಹಂಚಿಕೊಂಡಿದ್ದೇವೆ, ಆ ಲೆಕ್ಕ ಮುಗಿದಿದೆ.

ಗೌರಿ ಹಬ್ಬಕ್ಕೆ ನಾನು ತವರಿಗೆ ಬರುವುದು, ನೀವು ಬಾಗಿನ ಕೊಡುವುದು, ಬಂದಾಗ ಹಿತ್ತಲ ಕಡೆಯ ಕೋಣೆಯಲ್ಲಿ ಉಳಿಯುವುದು ಇವೆಲ್ಲ ಅಕ್ಕ ತಮ್ಮನ ನಡುವೆ ನಡೆದು ಬಂದ ಪದ್ಧತಿ. ಮುಂದೆಯೂ ನಡೆಯುತ್ತದೆಂದು ನಂಬಿದ್ದೇನೆ. ಆದರೆ ಅದು ಈ ಖುಲಾಸೆಯ ಷರತ್ತಲ್ಲ. ಆ ಕೋಣೆಯಲ್ಲಿ ನನಗೆ ವಾಸದ ಹಕ್ಕನ್ನು ಉಳಿಸಿಕೊಂಡಿಲ್ಲ. ಯಾವುದಾದರೂ ವರ್ಷ ಬಾಗಿನ ತಪ್ಪಿತೆಂದೋ ಮಾತು ಕೆಟ್ಟಿತೆಂದೋ ಈ ಪತ್ರವನ್ನು ರದ್ದುಪಡಿಸಲು ನನಗೆ ಅಧಿಕಾರವಿಲ್ಲ. ಪತ್ರ ಬರೆಯುವವರು ಈ ಸಾಲುಗಳು ಬೇಕಿಲ್ಲವೆಂದು ಹೇಳಿದರೂ ನಾನೇ ಒತ್ತಾಯ ಮಾಡಿ ಸೇರಿಸಿದ್ದೇನೆ.

ನನ್ನ ಪತಿ ಮತ್ತು ವಯಸ್ಕರಾದ ನನ್ನ ಮಗಳು, ಮಗ ಈ ವಿಷಯವನ್ನು ತಿಳಿದು ಒಪ್ಪಿದ್ದಾರೆ. ವಾರಸುದಾರಿಕೆಯಿಂದ ನನಗೆ ಬಂದ ಪಾಲು ನನ್ನ ಸ್ವಂತ ಸ್ವತ್ತಾದ್ದರಿಂದ ಅವರ ಸಹಿ ಕಾನೂನಿನಂತೆ ಅಗತ್ಯವಿಲ್ಲ. ಆದರೂ ನಾಳೆ ಮಕ್ಕಳ ಕಾಲಕ್ಕೆ, ನಮಗೆ ತಿಳಿಸದೆ ಅಮ್ಮ ಬರೆದುಕೊಟ್ಟರು ಎಂಬ ಮಾತು ಹುಟ್ಟಬಾರದೆಂದು ಅವರೂ ಒಪ್ಪಿಗೆಯ ರುಜು ಹಾಕಿರುತ್ತಾರೆ.

ಈ ಪತ್ರದ ಆಧಾರದ ಮೇಲೆ ನಗರಸಭೆಯ ಇ-ಖಾತೆಯಲ್ಲಿ ನನ್ನ ಹೆಸರನ್ನು ತೆಗೆಸಿ ನಿಮ್ಮೊಬ್ಬರ ಹೆಸರಿಗೆ ಖಾತೆ ಮಾಡಿಸಿಕೊಳ್ಳಲು, ಇನ್ನೂ ತಂದೆಯವರ ಹೆಸರಿನಲ್ಲಿಯೇ ಇರುವ ಬೆಸ್ಕಾಂ ವಿದ್ಯುತ್ ಸಂಪರ್ಕವನ್ನೂ ನಲ್ಲಿ ಸಂಪರ್ಕವನ್ನೂ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ನನ್ನ ಪೂರ್ಣ ಸಮ್ಮತಿ ಇದೆ. ಇದಕ್ಕಾಗಿ ನನ್ನ ಹೇಳಿಕೆ, ಅರ್ಜಿ ಅಥವಾ ಸಹಿ ಬೇಕಾದಾಗ ತಡಮಾಡದೆ ಕೊಡುತ್ತೇನೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳನ್ನು ನೀವೇ ಭರಿಸಿರುತ್ತೀರಿ. ಕರ್ನಾಟಕ ಮುದ್ರಾಂಕ ಕಾಯ್ದೆ 1957ರ ಉದ್ದೇಶಕ್ಕಾಗಿ ಷೆಡ್ಯೂಲು ಸ್ವತ್ತಿನ ಒಟ್ಟು ಮೌಲ್ಯವನ್ನು 36,00,000 ರೂಪಾಯಿ ಎಂದೂ ನಾನು ಬಿಟ್ಟುಕೊಡುವ ಅರ್ಧ ಪಾಲಿನ ಮೌಲ್ಯವನ್ನು 18,00,000 (ಹದಿನೆಂಟು ಲಕ್ಷ) ರೂಪಾಯಿ ಎಂದೂ ನಮೂದಿಸಲಾಗಿದೆ.

ಷೆಡ್ಯೂಲು ಸ್ವತ್ತಿನ ವಿವರ

ತುಮಕೂರು ಜಿಲ್ಲೆ, ತಿಪಟೂರು ತಾಲ್ಲೂಕು, ತಿಪಟೂರು ನಗರಸಭೆ ವ್ಯಾಪ್ತಿಯ ಗಾಂಧಿನಗರ 3ನೇ ಅಡ್ಡರಸ್ತೆಯಲ್ಲಿರುವ, ಖಾತೆ ಸಂಖ್ಯೆ 412, ನಿವೇಶನ ಸಂಖ್ಯೆ 27ರ ಸ್ವತ್ತು. ಅಳತೆ ಪೂರ್ವ ಪಶ್ಚಿಮ 30 ಅಡಿ, ಉತ್ತರ ದಕ್ಷಿಣ 40 ಅಡಿ, ಒಟ್ಟು 1,200 ಚದರ ಅಡಿ (111.48 ಚದರ ಮೀಟರ್). ಇದರಲ್ಲಿ ಸುಮಾರು 780 ಚದರ ಅಡಿ ವಿಸ್ತೀರ್ಣದ, ಆರ್‌ಸಿಸಿ ತಾರಸಿಯ, ರೆಡ್ ಆಕ್ಸೈಡ್ ನೆಲದ, ಸಾಲ್ ಮರದ ಬಾಗಿಲು ಕಿಟಕಿಗಳ ವಾಸದ ಮನೆ, ಹಿತ್ತಲಿನಲ್ಲಿ ಒಂದು ಸೇದುವ ಬಾವಿ ಮತ್ತು ಎರಡು ತೆಂಗಿನ ಮರಗಳು ಸೇರಿರುತ್ತವೆ.

ಚಕ್ಕುಬಂದಿ: ಪೂರ್ವಕ್ಕೆ 3ನೇ ಅಡ್ಡರಸ್ತೆ, ಪಶ್ಚಿಮಕ್ಕೆ ನಿವೇಶನ ಸಂಖ್ಯೆ 34, ಉತ್ತರಕ್ಕೆ ನಿವೇಶನ ಸಂಖ್ಯೆ 26, ಈ ಕಡೆಯ ಕಾಂಪೌಂಡ್ ಗೋಡೆ ಎರಡೂ ಮನೆಗಳಿಗೆ ಸೇರಿದ್ದು, ದಕ್ಷಿಣಕ್ಕೆ ನಿವೇಶನ ಸಂಖ್ಯೆ 28.

ಈ ಚಕ್ಕುಬಂದಿಯ ಒಳಗಿನ ಸ್ವತ್ತಿನಲ್ಲಿ ನನಗಿರುವ ಅರ್ಧ ಅವಿಭಜಿತ ಪಾಲಿನ ಹಕ್ಕು ಈ ಪತ್ರದ ಮೂಲಕ ಖುಲಾಸೆಯಾಗಿರುತ್ತದೆ.

ಈ ಪತ್ರವನ್ನು ನಾನೇ ಓದಿ, ನನ್ನ ಪತಿಯಿಂದಲೂ ಓದಿಸಿ ಕೇಳಿ, ಅರ್ಥ ಮಾಡಿಕೊಂಡು, ಯಾರ ಬಲವಂತ, ಆಮಿಷ, ಮರೆಮಾಚುವಿಕೆ ಇಲ್ಲದೆ, ಪೂರ್ಣ ಪ್ರಜ್ಞೆಯಿಂದ, ಕೆಳಗಿನ ಸಾಕ್ಷಿಗಳ ಸಮಕ್ಷಮ ಪ್ರತಿ ಪುಟಕ್ಕೂ ರುಜು ಮಾಡಿ ಬರೆಸಿಕೊಟ್ಟ ಹಕ್ಕು ಖುಲಾಸೆ ಪತ್ರ ಸಹಿ.

ಹಕ್ಕು ಖುಲಾಸೆ ಮಾಡಿದವರು:
(ರುಜು) ಸಿ. ಪುಷ್ಪಲತಾ

ಖುಲಾಸೆಯನ್ನು ಒಪ್ಪಿ ಪಡೆದವರು:
(ರುಜು) ಸಿ. ಮಂಜುನಾಥ

ಒಪ್ಪಿಗೆಯ ರುಜು:
(ರುಜು) ಎಂ. ನಾಗಭೂಷಣ, ಪತಿ
(ರುಜು) ಎನ್. ಸಿಂಚನ, ಮಗಳು
(ರುಜು) ಎನ್. ಚೇತನ್, ಮಗ

ಸಾಕ್ಷಿಗಳು:
(ರುಜು) ಬಿ. ಎಸ್. ಪರಮೇಶ್ವರಯ್ಯ, ನಮ್ಮ ಸೋದರಮಾವ, ತಿಪಟೂರು
(ರುಜು) ಕೆ. ಆರ್. ಶಿವಕುಮಾರ್, ನೆರೆಮನೆಯವರು, ಗಾಂಧಿನಗರ, ತಿಪಟೂರು

ಬಿಕ್ಕಲಂ:
(ರುಜು) ಟಿ. ಜಿ. ರೇಣುಕಪ್ಪ, ಪರವಾನಗಿ ಪಡೆದ ಪತ್ರ ಬರಹಗಾರರು, ತಿಪಟೂರು